ಅತ್ಯಾ ಮಲಗಿದ ಕಾಟು

ನಮ್ಮ ಅತ್ಯಾ ಮಂಚದ ಮೇಲೆ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅತ್ಯಾ ಅಂದರೆ ನಮ್ಮ ಅಪ್ಪನ ಅಕ್ಕ. ಲಂಗ ಉಡುವ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು. ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ಮನೆಯ ಒಲೆ, ದೇವರ ಕಟ್ಟೆ, ಮಡಿನೀರಿನ ಕೊಡ ಎಲ್ಲವೂ ಅವಳ ವಶದಲ್ಲಿದ್ದವು. ಹಾಸಿಗೆ ಅನ್ನುವುದು ಮಾತ್ರ ಅವಳಿಗೆ ಇರಲಿಲ್ಲ. ಅಂಥ ಹೆಂಗಸರು ಮಂಚ ಹತ್ತಬಾರದು, ಗಾದಿಯ ಮೇಲೆ ಹೊರಳಬಾರದು ಎಂದು ಯಾರೋ ಪುಣ್ಯಾತ್ಮರು ಹೇಳಿಟ್ಟು ಹೋಗಿದ್ದರು. ಅತ್ಯಾ ದೇವರ ಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕಲ್ಲುಹಾಸಿನ ಫರಸಿಯ ಮೇಲೆ ಒಂದು ಚಾಪೆ, ಚಾಪೆಯ ಮೇಲೆ ಒಂದು ಉಣ್ಣೆಯ ಧಾಬಳಿ ಹಾಸಿ ಮಲಗುತ್ತಿದ್ದಳು. ತಲೆಗೆ ಮಣೆ.

ಧಾರವಾಡದ ಮಳೆ ಗೊತ್ತಲ್ಲ, ಜೋರಾಗಿ ಬಂದು ಹೋಗುವ ಜಾತಿಯದಲ್ಲ. ಸಣ್ಣಗೆ, ಮೂಗು ಸೋರಿದಂತೆ, ತಿಂಗಳುಗಟ್ಟಲೆ ಸುರಿಯುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯ ಫರಸಿ ಬೆವರುತ್ತಿತ್ತು. ಬರಿಗಾಲಿಟ್ಟರೆ ಮೊಣಕಾಲಿನ ತನಕ ತಣ್ಣಗೆ ಏರುತ್ತಿತ್ತು. ಅಂಥ ಒಂದು ಮಳೆಗಾಲದಲ್ಲಿ ಅತ್ಯಾಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಆಗಷ್ಟೇ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸಲು ಸೇರಿದ್ದೆ. ಮನೆಗೆ ಬಂದ ಡಾಕ್ಟರರು ಅತ್ಯಾನ ಎದೆಗೆ ನಳಿಗೆ ಹಚ್ಚಲಿಲ್ಲ, ಅವಳು ಹಚ್ಚಿಸಿಕೊಳ್ಳಲಿಲ್ಲ. ದೂರದಿಂದಲೇ ಕೆಮ್ಮು ಕೇಳಿ, ನೆಲ ಮುಟ್ಟಿ ನೋಡಿ, ಅಪ್ಪನಿಗೆ ಹೇಳಿದರು:

“ಔಷಧ ನಾ ಕೊಡ್ತೇನ್ರಿ. ಆದ್ರ ಈ ಫರಸೀ ಮ್ಯಾಲೆ ಮಲಗೋದು ಬಿಡಸ್ರಿ ಮದಲ. ಇಲ್ಲಂದ್ರ ಈ ಥಂಡಿನ ಅವರನ್ನ ಒಯ್ತದ.”

ಅಪ್ಪ ಕಚೇರಿಯಲ್ಲಿ ಹತ್ತು ಮಂದಿಗೆ ಹುಕುಂ ಕೊಡುತ್ತಿದ್ದ ಮನುಷ್ಯ. ಓಣಿಯ ಹೆಂಗಸರ ಬಾಯಿಗೆ ಮಾತ್ರ ಅವನಿಗೆ ಬಹಳ ಹೆದರಿಕೆ. ವಿಧವೆ ಅಕ್ಕನಿಗೆ ಮಂಚ ಹಾಕಿಕೊಟ್ಟಾನೆ ಅಂತ ಅಂದರೆ ಏನು ಮಾಡುವುದು? ಎರಡು ದಿನ ಮೀಸೆ ತಿರುವುತ್ತ ಯೋಚನೆ ಮಾಡಿ ಒಂದು ಉಪಾಯ ತೆಗೆದ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಒಬ್ಬ ಮಿಸ್ತ್ರಿ ಕಬ್ಬಿಣದ ಪೈಪಿನ ಮಡಚುವ ಕಾಟು ಮಾಡುತ್ತಿದ್ದ. ಅದನ್ನು ತಂದರೆ ರಾತ್ರಿ ಬಿಚ್ಚಿ ಹಾಕಬಹುದು, ಬೆಳಗ್ಗೆ ಮಡಚಿ ಬಾಗಿಲ ಹಿಂದೆ ನಿಲ್ಲಿಸಬಹುದು. ಬಂದವರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ನೆಂಟರ ಹೆಸರು ಹೇಳಿ, ‘ಪಾವಣ್ಯಾರು ಬಂದರ ಇರ್ಲಿ ಅಂತ ತಂದೇನ್ರಿ’ ಅಂದರೆ ಮುಗಿಯಿತು. ಅತ್ಯಾಳನ್ನು ಒಪ್ಪಿಸಲು ಅವನು ಹೂಡಿದ ವಾದವೂ ಅಷ್ಟೇ ಚಾಲಾಕಿನದು.

“ಅಕ್ಕಾ, ಇದು ಕಟ್ಟಿಗೀ ಪಲ್ಲಂಗ ಅಲ್ಲ. ಕಬ್ಬಿಣ. ನೀರ ಹಾಕಿದ್ರ ಮಡಿ ಆಗ್ತದ.”

ಅತ್ಯಾ ತಲೆಯಾಡಿಸಿದಳು. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು, ಅವನ ಮಾತು ಮೀರುತ್ತಿರಲಿಲ್ಲ. ಹೀಗೆ ನಮ್ಮ ಮನೆಗೆ ಆ ಕಾಟು ಬಂತು.

ಕಾಟು ನೋಡಲು ಛಲೋ ಇತ್ತು. ಉದ್ದ ಚೌಕಟ್ಟು ಪೈಪಿನದು, ಅದರ ಮೇಲೆ ಬಿಳಿ ಹತ್ತಿಯ ನವಾರದ ಪಟ್ಟಿ ಹೆಣೆದಿತ್ತು. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಬಾಗಿದ ಪೈಪಿನ ಜೋಡಿ ಕಾಲು. ಒಂದೊಂದು ಜೋಡಿಯನ್ನು ಎರಡೆರಡು ಬೋಲ್ಟು ಚೌಕಟ್ಟಿಗೆ ಹಿಡಿದಿದ್ದವು. ಕಾಲು ಹೊರಗೆ ಎಳೆದರೆ ಪಕ್ಕದ ಕಬ್ಬಿಣದ ಪಟ್ಟಿ ನೆಟ್ಟಗಾಗಿ ‘ಟಕ್’ ಎಂದು ಕೂತು, ಕಾಲು ಮಡಚದಂತೆ ತಡೆಯುತ್ತಿತ್ತು. ಕಾಲಿನ ತುದಿಗೆ ಫರಸಿಗೆ ಗೀರು ಬೀಳದಿರಲಿ ಎಂದು ಕರಿಯ ರಬ್ಬರ್ ಬೂಟು. ಅಪ್ಪ ಅದನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ತೋರಿಸಿದ, ಹೊಸ ಸೈಕಲ್ ತಂದ ಹುಡುಗರ ಹಾಗೆ.

ಆವತ್ತಿನಿಂದ ನನ್ನ ಬೆಳಗು ಬದಲಾಯಿತು. ಎದ್ದ ಕೂಡಲೇ ಕಾಟನ್ನು ಹಿತ್ತಲಿಗೆ ಒಯ್ದು, ಬಾವಿಯ ನೀರು ಸೇದಿ, ಕೊಡಗಟ್ಟಲೆ ಸುರಿಯಬೇಕು. ನವಾರಕ್ಕೂ ಸುರಿಯಬೇಕು, ಪೈಪಿಗೂ ಸುರಿಯಬೇಕು. ಅತ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಆ ಮೂಲಿ ಒಣಾ ಉಳೀತು ನೋಡು. ಹಾಕು, ಹಾಕು, ಬಾವ್ಯಾಗಿನ ನೀರ ನಿಮ್ಮಪ್ಪಂದೇನೂ ಅಲ್ಲ.”

“ಸಾಲಿಗೆ ಹೊತ್ತಾತು ಅತ್ಯಾ!”

“ಸಾಲಿ ಎಲ್ಲೂ ಓಡಿ ಹೋಗೂದಿಲ್ಲ.”

ಮಳೆಗಾಲದಲ್ಲಿ ನವಾರ ಎಲ್ಲಿ ಒಣಗಬೇಕು? ಸಂಜೆಗೂ ಹಸಿ ಇರುತ್ತಿತ್ತು. ಮೇಲೆ ಧಾಬಳಿ ಹಾಸಿಕೊಂಡರೆ ನಡೆಯುತ್ತದೆ, ಉಣ್ಣೆಗೆ ಮೈಲಿಗೆ ಇಲ್ಲ ಅಂತ ಅವಳ ಲೆಕ್ಕ. ಬೋಲ್ಟು ಕಿರ್ ಕಿರ್ ಅನ್ನಲು ಹತ್ತಿದಾಗ ಮಿಸ್ತ್ರಿ ಕೊಟ್ಟಿದ್ದ ಗ್ರೀಸಿನ ಡಬ್ಬಿ ತೆಗೆದೆ. ಅತ್ಯಾ ಮೂಸಿ ನೋಡಿ, ಮುಖ ಹಿಂಡಿ, “ಚರಬಿ ಅದ ಇದರಾಗ, ಒಗೀ ಅತ್ತಾಗ,” ಎಂದಳು. ಡಬ್ಬಿ ತಿಪ್ಪೆಗೆ ಹೋಯಿತು. ಕಾಟು ದಿನಾ ನೀರು ಕಂಡಿತು, ಎಣ್ಣೆಯ ಹನಿ ಕಾಣಲಿಲ್ಲ. ದಿನಾ ಎರಡು ಸಲ ಮಡಚುವುದು, ಬಿಚ್ಚುವುದು ಬೇರೆ.

ಆದರೂ ಆ ವರ್ಷ ಅತ್ಯಾ ಚೇತರಿಸಿಕೊಂಡಳು. ಕೆಮ್ಮು ಕಡಿಮೆಯಾಯಿತು. ಇನ್ನೊಂದು ಸಂಗತಿ ಅವಳೇ ನನಗೆ ಹೇಳಿದಳು, ನಾಚಿಕೊಂಡು. ನೆಲದ ಮೇಲೆ ಮಲಗಿದರೆ ಅವಳಿಗೆ ಕಾಣುತ್ತಿದ್ದುದು ಗೋಡೆ. ಕಾಟಿನ ಮೇಲೆ ಮಲಗಿದರೆ ತಲೆ ಕಿಟಕಿಯ ಮಟ್ಟಕ್ಕೆ ಬರುತ್ತಿತ್ತು. ಸ್ಟೇಶನ್ನಿಗೆ ಇಳಿದು ಹೋಗುವ ಹಾದಿ, ಬುಟ್ಟಿ ಹೊತ್ತು ಬರುವ ಪೇರಲಹಣ್ಣಿನವಳು, ಛತ್ರಿ ಹಿಡಿದು ಗಾಡಿಗೆ ಓಡುವ ಮಂದಿ ಎಲ್ಲ ಕಾಣುತ್ತಿತ್ತು. “ಮುಂಜಾನೆ ಲಗೂ ಎಚ್ಚರಾಗ್ತದ ನನಗ. ಮಂದಿ ಹೋಗೂದು ನೋಡ್ಕೋತ ಮಲಗಿರ್ತೇನಿ,” ಎಂದಳು. ಅರವತ್ತು ದಾಟಿದ ಹೆಂಗಸು ಅದನ್ನು ಕದ್ದ ಸುಖ ಎಂಬಂತೆ ಹೇಳಿದಳು.

ಮುಂದಿನ ಮಳೆಗಾಲದಲ್ಲಿ ಮತ್ತೆ ಜ್ವರ ಬಂತು. ಹಗಲೂ ಮಲಗಬೇಕಾದ ಸ್ಥಿತಿ. ಒಂದು ಮಧ್ಯಾಹ್ನ ಸಾಲಿ ಬಿಟ್ಟು ಬಂದು ಕೊಡೆ ಮಡಚುತ್ತಿದ್ದೆ, ಒಳಗೆ ಏನೋ ಧಪ್ಪೆಂದಿತು. ಓಡಿ ನೋಡಿದರೆ ತಲೆಯ ಕಡೆಯ ಕಾಲು ಒಳಕ್ಕೆ ಮಡಚಿಕೊಂಡು ಕಾಟು ಮೂಗು ನೆಲಕ್ಕೆ ಊರಿತ್ತು. ಅತ್ಯಾ ತಲೆ ಕೆಳಗಾಗಿ ಜಾರಿ, ಭುಜ ಫರಸಿಗೆ ಬಡಿದು ಬಿದ್ದಿದ್ದಳು. ಸೆರಗು ಸರಿದು ಬೋಳುತಲೆ ಬಯಲಾಗಿತ್ತು. ಮೊದಲು ಅದನ್ನು ಮುಚ್ಚಿಕೊಂಡಳು, ಆಮೇಲೆ ‘ಅಯ್ಯಯ್ಯೋ’ ಎಂದಳು.

ಅವ್ವ, ನಾನು ಸೇರಿ ಎಬ್ಬಿಸಿದೆವು. ಎಲುಬು ಮುರಿದಿರಲಿಲ್ಲ. ಆದರೆ ಅವಳೊಳಗೆ ಏನೋ ಮುರಿದಿತ್ತು.

“ನಾ ಹತ್ತಬಾರದಿತ್ತು. ಹತ್ತಿದೆ. ಇಳಿಸಿದ್ರು,” ಎಂದಳು. ಯಾರು ಇಳಿಸಿದರು ಎಂದು ನಾವು ಕೇಳಲಿಲ್ಲ. ತಾನೇ ಚಾಪೆ ಎಳೆದುಕೊಂಡು ಫರಸಿಯ ಮೇಲೆ ಮಲಗಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರರು ಬಂದು ಮತ್ತೆ ಅದನ್ನೇ ಹೇಳಿದರು, ಈ ಸಲ ಸಿಟ್ಟಿನಿಂದ. ನೆಲದಿಂದ ಎತ್ತದಿದ್ದರೆ ಔಷಧ ನೀರಿಗೆ ಸಮ ಅಂದರು. ಅಪ್ಪ ಗಡಬಡಿಸಿ ಕಾಟನ್ನು ಓಣಿಯ ತುದಿಯ ಸೈಕಲ್ ಅಂಗಡಿಗೆ ಕಳಿಸಿದ. ಆ ಮಹಾರಾಯ ಸವೆದ ಬೋಲ್ಟು ತೆಗೆದು, ಅಗಲಾದ ತೂತಿಗೆ ಇನ್ನೂ ದಪ್ಪನೆಯ ಬೋಲ್ಟು ತುರುಕಿ, ಪಾನಾ ಹಾಕಿ, ಇದ್ದಬಿದ್ದ ಜೀವವೆಲ್ಲ ಹಾಕಿ ಬಿಗಿದ. ಬಿದ್ದಾಗ ಸೊಟ್ಟಗೆ ಬಾಗಿದ್ದ ಕಾಲನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ನೆಟ್ಟಗೆ ಮಾಡಿದ. “ಆನಿ ಮಲಗಿಸ್ರಿ ಬೇಕಾರ,” ಎಂದು ಕಳಿಸಿದ.

ಆನೆ ಎಲ್ಲಿಂದ ತರುವುದು, ನಾನೇ ಕೂತು ತೋರಿಸುತ್ತೇನೆ ಎಂದೆ. ಅತ್ಯಾನ ಕಣ್ಣೆದುರು ಕಾಟು ಬಿಚ್ಚಿ, “ನೋಡು, ಈಗ ಕಲ್ಲ ಆಗ್ಯದ,” ಎಂದು ದೊಡ್ಡಸ್ತಿಕೆಯಿಂದ ಅಂಚಿಗೆ ಕೂತೆ. ಕೂತು ಕಾಲು ಅಲ್ಲಾಡಿಸಿದೆ ಅಷ್ಟೇ. ಬೋಲ್ಟು ಬಿಗಿದಲ್ಲಿ ಪೈಪು ಚಪ್ಪಟೆಯಾಗಿತ್ತು, ಅಲ್ಲಿಂದ ಚರಕ್ಕನೆ ಸೀಳಿತು. ಸುತ್ತಿಗೆ ಬಿದ್ದಿದ್ದ ಜಾಗ ಮತ್ತೆ ಮೊದಲಿನ ಹಾಗೆ ಮಡಚಿತು. ನಾನು ಫರಸಿಯ ಮೇಲೆ, ಕಾಟು ನನ್ನ ಮೇಲೆ.

ಅತ್ಯಾ ನಕ್ಕಳು. ಖರೇನೇ ನಕ್ಕಳು, ಬಾಯಿಗೆ ಸೆರಗು ಹಿಡಿದು. “ಮಾಸ್ತರಿಣಿ ಬಿದ್ಲು!” ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಕೊನೆಗೆ ಅವಳ ಕೆಂಪು ಸೀರೆಯ ಸೆರಗಿನಲ್ಲಿ ಇನ್ನೂ ಕೆಂಪಗೆ ಏನೋ ಹತ್ತಿತು. ಅವಳು ಅದನ್ನು ಮುದುರಿ ಮುಷ್ಟಿಯಲ್ಲಿ ಬಚ್ಚಿಟ್ಟಳು. ನಾನು ನೋಡಿಬಿಟ್ಟಿದ್ದೆ.

ಆ ಕ್ಷಣಕ್ಕೆ ನನ್ನ ತಲೆ ಕೆಟ್ಟಿತು. ಮರುದಿನ ಸಾಲಿಗೆ ರಜಾ ಹೇಳಿ, ಹಮಾಲನ ತಲೆಯ ಮೇಲೆ ಕಾಟು ಹೊರಿಸಿ, ಮುಂಜಾನೆಯ ಗಾಡಿಗೆ ಹಾಕಿಸಿ ಹುಬ್ಬಳ್ಳಿಗೆ ಹೋದೆ. ಕುಮಾರಿಯರು ಒಬ್ಬರೇ ಕಮರಿಪೇಟೆಗೆ ಹೋಗುವ ಕಾಲ ಅಲ್ಲ ಅದು. ಅಪ್ಪ “ನಾ ರವಿವಾರ ಹೋಗ್ತೇನಿ” ಅಂದ. ರವಿವಾರದ ತನಕ ಅತ್ಯಾ ಆ ಫರಸಿಯ ಮೇಲೆ ಇರಬೇಕಲ್ಲ, ಅದನ್ನು ಯಾರು ಯೋಚಿಸಬೇಕು?

ಮಿಸ್ತ್ರಿಯ ಅಂಗಡಿ ಒಂದು ಉದ್ದನೆಯ ಕತ್ತಲ ಕೋಣೆ. ಹೊರಗೆ ಪೈಪಿನ ರಾಶಿ, ಒಳಗೆ ಗ್ಯಾಸಿನ ಉರಿ ಬುಸುಗುಡುತ್ತಿತ್ತು. ಮಿಸ್ತ್ರಿ ನಡುವಯಸ್ಸಿನವ, ದಪ್ಪ ಹೊಟ್ಟೆ, ಬಾಯಲ್ಲಿ ಎಲೆ. ನಾನು ಕಾಟನ್ನು ಅವನ ಮುಂದೆ ಧೊಪ್ಪನೆ ಹಾಕಿಸಿದೆ.

“ಏನ್ರೀ ಇದು? ಮನಷ್ಯಾರು ಮಲಗೂ ಕಾಟು ಮಾಡ್ತೀರೋ, ಮನಷ್ಯಾರನ್ನ ಕೊಲ್ಲೂ ಕಾಟು ಮಾಡ್ತೀರೋ?”

ಅವನೂ ಏನು ಕಡಿಮೆಯವನಲ್ಲ. “ಬಾಯಾರ, ದನಿ ಸಣ್ಣ ಮಾಡ್ರಿ. ನನ್ನ ಕಾಟಿನ ಮ್ಯಾಲೆ ಮದುವಿ ಮನಿ ಬೀಗರು ಹೊಳ್ಯಾಡ್ತಾರ. ಯಾವನ್ರೀ ಇದಕ್ಕ ಈ ಬಂಡಿಗಾಲಿ ಬೋಲ್ಟ ಹಾಕಿದವಾ?”

“ಅದು ಆಮೇಲೆ ಹಾಕಿದ್ದು. ಅದಕ್ಕಿಂತ ಮದಲ ಮುರಕೊಂಡು ಬಿತ್ತು.”

“ಹಂಗ ಮುರಿಯಾಕ ಬರೂದಿಲ್ರಿ,” ಎನ್ನುತ್ತ ಅವನು ಕಾಟನ್ನು ತಿರುವಿ ಹಾಕಿ, ಕಾಲಿನ ತುದಿಯ ರಬ್ಬರ್ ಬೂಟು ಎಳೆದ. ಕೂಡಲೇ ಪೈಪಿನಿಂದ ಕೆಂಪು ನೀರು ಬಳಬಳ ಸುರಿದು ನನ್ನ ಪಾದದ ಮೇಲೆ ಬಿತ್ತು. ಜಂಗಿನ ನೀರು, ಕಬ್ಬಿಣದ ತುಕ್ಕಿನ ಕಮಟು ವಾಸನೆ. ಇನ್ನೊಂದು ಬೂಟು ಎಳೆದ. ಅದರಲ್ಲೂ ಅಷ್ಟೇ.

“ಇದನ್ನ ಏನ್ರಿ, ಕೆಲಗೇರಿ ಕೆರ್ಯಾಗ ಮುಳಗಿಸಿ ಇಟ್ಟಿದ್ರೇನು?” ಎಂದ.

ಬೋಲ್ಟಿನ ತೂತಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ಹಾದಿ ಇರಲಿಲ್ಲ. ಬೂಟು ಕೆಳಗೆ ಬಿರಡೆ ಹಾಕಿದಂತೆ ಕೂತಿತ್ತು. ಒಂದು ವರ್ಷದ ಮಡಿನೀರು ಪೈಪನ್ನು ಒಳಗಿನಿಂದ ತಿಂದಿತ್ತು. ಹೊರಗೆ ಬಣ್ಣ ಹಾಗೇ ಹೊಳೆಯುತ್ತಿತ್ತು. ಅವನು ಸಣ್ಣ ಸುತ್ತಿಗೆಯಿಂದ ಪೈಪು ಬಡಿಯುತ್ತ ಹೋದ. ಮೇಲೆಲ್ಲ ಠಣ್ ಅನ್ನುತ್ತಿದ್ದುದು ಕಾಲಿನ ಕಡೆ ಬಂದಾಗ ಬೊದ್ದು ದನಿ ಕೊಟ್ಟಿತು. ಪೈಪು ತೆಳ್ಳಗಾದದ್ದಕ್ಕೆ ಎಣ್ಣೆ ಕಾಣದ ಬೋಲ್ಟು ತೂತನ್ನು ಕೊರೆದು ಉದ್ದ ಮಾಡಿತ್ತು. ತೂತು ಸಡಿಲಾದ ಮೇಲೆ ಪಕ್ಕದ ಪಟ್ಟಿ ಪೂರ್ತಿ ನೆಟ್ಟಗೆ ಕೂಡುತ್ತಿರಲಿಲ್ಲ, ಸ್ವಲ್ಪ ಅಲ್ಲಾಡಿದರೂ ಜಾರಿ ಕಾಲು ಮಡಚುತ್ತಿತ್ತು. ನವಾರವೂ ಬಿಟ್ಟಿರಲಿಲ್ಲ. ತೊಯ್ದಾಗಲೆಲ್ಲ ಹತ್ತಿಯ ಪಟ್ಟಿ ಬಿಗಿದುಕೊಂಡು, ಎರಡೂ ಕಡೆಯ ಉದ್ದ ಪೈಪನ್ನು ನಡುವೆ ಒಳಕ್ಕೆ ಎಳೆದು ಬಾಗಿಸಿತ್ತು.

ನಾನು ಅವನಿಗೆ ಇದ್ದದ್ದನ್ನು ಹೇಳಿದೆ. ಮಲಗುವವಳು ಯಾರು, ನೀರು ಯಾಕೆ, ಗ್ರೀಸು ಯಾಕೆ ಇಲ್ಲ, ಡಾಕ್ಟರು ಏನಂದರು. ಹೇಳುತ್ತ ಹೇಳುತ್ತ ಅಲ್ಲೇ ಪೈಪಿನ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ. ಅಳು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ. ಮಡಿಗೆಂದು ಸುರಿದ ಆ ನೀರು ಎಲ್ಲಿಯ ತನಕ ಹೋಗಿತ್ತು ನೋಡಿ.

ಮಿಸ್ತ್ರಿ ಎಲೆ ಉಗುಳಿ ಬಂದ. “ನನ್ನ ಕಡೀಂದೂ ಒಂದ ತಪ್ಪ ಐತ್ರಿ,” ಎಂದ. “ನಾ ಹಾಕಿದ್ದು ತುದಿತನಕ ಚೂಡಿ, ಅಂದ್ರ ತಿರುಪಿನ ಗೆರಿ, ಇದ್ದ ಬೋಲ್ಟು. ಆ ಚೂಡಿ ಅರದಂಗ ತೂತ ಅರೀತೈತಿ. ತಡೀರಿ, ಸಂಜಿ ಗಾಡಿಗೆ ತಯಾರ ಮಾಡಿ ಕೊಡ್ತೇನಿ.”

ಇಡೀ ದಿನ ಕೂತು ನೋಡಿದೆ. ಮೊದಲು ನವಾರ ಬಿಚ್ಚಿ ಹಾಕಿದ. ಬಾಗಿದ ಕಾಲನ್ನು ನೆಟ್ಟಗೆ ಮಾಡುವ ಗೋಜಿಗೆ ಹೋಗಲಿಲ್ಲ. ಒಮ್ಮೆ ಮಡಿಕೆ ಬಿದ್ದ ಪೈಪು ಅಲ್ಲೇ ಮತ್ತೆ ಬಾಗುತ್ತದೆ ಎಂದು, ಕೆಟ್ಟ ಭಾಗವನ್ನೆಲ್ಲ ಕೊಯ್ದು ಒಗೆದ. ಗಟ್ಟಿ ಉಳಿದಲ್ಲಿಗೆ ಹೊಸ ಪೈಪು ಜೋಡಿಸುವಾಗ ಒಳಗೆ ಸರಿಯಾಗಿ ಕೂಡುವ ಇನ್ನೊಂದು ಸಣ್ಣ ಪೈಪಿನ ತುಂಡು ಸೇರಿಸಿ, ಸುತ್ತ ಗ್ಯಾಸಿನ ಬೆಸುಗೆ ಹಾಕಿದ. ಬೋಲ್ಟಿನ ತೂತಿಗೆ ದಪ್ಪ ಗೋಡೆಯ ಗಿಡ್ಡ ನಳಿಗೆಯೊಂದನ್ನು ಪೈಪಿನ ಈ ಕಡೆಯಿಂದ ಆ ಕಡೆಗೆ ಹಾಯಿಸಿ ಬೆಸೆದ. ಅದಕ್ಕೆ ಬುಶ್ ಅಂದ. ಈಗ ಬೋಲ್ಟು ಎಷ್ಟು ಬಿಗಿದರೂ ಭಾರ ಆ ನಳಿಗೆಯ ಮೇಲೆ, ಪೈಪು ಚಪ್ಪಟೆಯಾಗುವುದಿಲ್ಲ. ಹೊಸ ಬೋಲ್ಟಿನ ಮೈ ನುಣುಪು, ತುದಿಗೆ ಮಾತ್ರ ಚೂಡಿ. ಕಾಲು ಮತ್ತು ಚೌಕಟ್ಟಿನ ನಡುವೆ ವಾಶರ್ ಇಟ್ಟು, ಒಂದು ನಟ್ಟು ತಿರುಗಿಸಿ, ಅದರ ಬೆನ್ನಿಗೆ ಇನ್ನೊಂದು ನಟ್ಟು ಎದುರುಬದುರು ಬಿಗಿದ. ಕಾಲು ಸಲೀಸಾಗಿ ತಿರುಗಿತು, ನಟ್ಟು ಸಡಿಲಾಗಲಿಲ್ಲ. ಒಳಕ್ಕೆ ಬಾಗಿದ ಉದ್ದ ಪೈಪುಗಳ ನಡುವೆ ಜಾಕು ಇಟ್ಟು ಹೊರಕ್ಕೆ ನೂಕಿ, ಮತ್ತೆ ಬಾಗದ ಹಾಗೆ ಅಡ್ಡಕ್ಕೊಂದು ಪೈಪು ಬೆಸೆದ. ಮಲಗಿದವರ ಬೆನ್ನಿಗೆ ತಾಗಬಾರದಲ್ಲ, ಅದಕ್ಕೇ ಅದನ್ನು ಕೆಳಕ್ಕೆ ಬಗ್ಗಿಸಿದ್ದ. ಕೊನೆಗೆ ಪಕ್ಕದ ಪಟ್ಟಿ ನೆಟ್ಟಗಾದಾಗ ಸಿಕ್ಕಿಸಲು ಒಂದು ಕೊಕ್ಕೆ. ರಬ್ಬರ್ ಬೂಟಿಗೆಲ್ಲ ತಳದಲ್ಲಿ ತೂತು.

“ಗ್ರೀಸ ಬ್ಯಾಡ. ಕೊಬ್ರಿ ಎಣ್ಣಿ ಬಿಡ್ರಿ, ದೇವರಿಗೂ ನಡೀತೈತಿ, ಬೋಲ್ಟಿಗೂ ನಡೀತೈತಿ. ಆದ್ರ ಬಾಯಾರ, ನೀರ ಹಾಕೂದಾದ್ರ ಇದನ್ನ ಒಯ್ಯಬ್ಯಾಡ್ರಿ. ತೂತ ಮಾಡೇನಿ ಖರೆ, ದಿನಾ ಕೊಡ ಸುರದ್ರ ಯಾವ ತೂತೂ ಕಾಯೂದಿಲ್ಲ.”

ನವಾರ ಮತ್ತೆ ಹೆಣೆದಾದ ಮೇಲೆ “ಕೂಡ್ರಿ, ನೋಡ್ರಿ” ಎಂದ. ನನಗೆ ಧೈರ್ಯ ಬರಲಿಲ್ಲ. ಅವನು ನಕ್ಕು ತಾನೇ ಅಂಚಿಗೆ ಕೂತು ಜಗ್ಗಾಡಿದ. ಕಾಟು ಮಿಸುಕಲಿಲ್ಲ. ಆಮೇಲೆ ಆ ದಪ್ಪ ಹೊಟ್ಟೆಯ ಮನುಷ್ಯ ಉದ್ದಕ್ಕೆ ಮಲಗಿ, ಎದೆಯ ಮೇಲೆ ಕೈ ಜೋಡಿಸಿ ಹೆಣದ ಹಾಗೆ ಕಣ್ಣು ಮುಚ್ಚಿದ.

“ಏಳ್ರೀ ಮದಲ!” ಎಂದು ಚೀರಿದೆ. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಕಾಟು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ಯಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕಾಟು ಬಿಚ್ಚಿ, ಕೊಕ್ಕೆ ಸಿಕ್ಕಿಸಿ ಅವಳ ಮುಂದೆ ನಿಲ್ಲಿಸಿದೆ. ಕೂತು, ಎದ್ದು, ಮತ್ತೆ ಕೂತು ತೋರಿಸಿದೆ.

“ಯಾರ್ಯಾರು ಮುಟ್ಟ್ಯಾರ ಇದನ್ನ?” ಎಂದು ಕೇಳಿದಳು.

“ಎಲ್ಲಾರೂ. ಹಮಾಲ ಮುಟ್ಟ್ಯಾನ. ಮಿಸ್ತ್ರಿ ಮುಟ್ಟ್ಯಾನ, ಮಲಗಿ ಸುದ್ಧಾ ನೋಡ್ಯಾನ.” ಸುಳ್ಳು ಹೇಳುವ ಮನಸ್ಸು ನನಗೆ ಇರಲಿಲ್ಲ.

ಅವ್ವ ಗಾಬರಿಯಾಗಿ, “ತಡೀರಿ, ನಾಕು ಕೊಡ ನೀರ ಹಾಕಿಬಿಡ್ತೇನಿ,” ಎಂದು ಎದ್ದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. ಕೆಂಪು ನೀರಿನ ಕಥೆ ಹೇಳಿದೆ. ಅತ್ಯಾನ ಮುಖ ನೋಡುತ್ತಲೇ ಹೇಳಿದೆ: ಮೇಲಿನವರು ಯಾರೂ ನಿನ್ನನ್ನು ಇಳಿಸಲಿಲ್ಲ ಅತ್ಯಾ, ನಾವು ಹಾಕಿದ ನೀರು ಇಳಿಸಿತು. ಇನ್ನು ನೀರು ಹಾಕಿದರೆ ಇದೂ ಹೋಗುತ್ತದೆ, ಹಾಕದಿದ್ದರೆ ನಿಲ್ಲುತ್ತದೆ. ಅಪ್ಪ ಹೊಸ್ತಿಲಲ್ಲಿ ನಿಂತು ತನ್ನ ಕಾಲಬೆರಳು ನೋಡುತ್ತಿದ್ದ.

ಹೊರಗೆ ಮಳೆ ಪಿರಿಪಿರಿ ಹಿಡಿದಿತ್ತು. ಅತ್ಯಾ ಕೈ ಚಾಚಿ ಕಾಟಿನ ಕಾಲನ್ನು ಮುಟ್ಟಿದಳು, ಹೊಸ ಬೆಸುಗೆಯ ಗಂಟನ್ನು ಬೆರಳಿನಿಂದ ಸವರಿದಳು.

“ಹುಟ್ಟಿದಾಗಿಂದ ಎಲ್ಲಾಕ್ಕೂ ನೀರ ಹಾಕ್ಕೋತ ಬಂದೆ,” ಎಂದಳು. “ಸೀರಿಗೆ ಹಾಕಿದೆ, ಕಟ್ಟಿಗಿಗೆ ಹಾಕಿದೆ, ನನ್ನ ತಲೀಗೆ ಹಾಕ್ಕೊಂಡೆ. ಸಾಕಾತು. ಇದಕ್ಕ ಹಾಕಬ್ಯಾಡ್ರಿ. ಎಬ್ಬಸ ನನ್ನ.”

ಎಬ್ಬಿಸಿ ಮಲಗಿಸಿದೆವು. ಕಾಟು ಕಿರ್ ಅನ್ನಲಿಲ್ಲ. ಅವಳು ಎರಡೂ ಕೈಯಿಂದ ಪಕ್ಕದ ಪೈಪು ಹಿಡಿದುಕೊಂಡಿದ್ದಳು, ಬಿದ್ದೇನು ಎಂಬ ಅಂಜಿಕೆಗೆ. ನಿಧಾನಕ್ಕೆ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು.

ಮರುದಿನ ಬೆಳಗ್ಗೆ ಅಪ್ಪ ಕಾಟನ್ನು ಮಡಚಬೇಕು ಎಂದು ಬಂದ. ಓಣಿಯವರು ನೋಡಲು ಬರುವ ಹೊತ್ತು. ಅತ್ಯಾ ಕಿಟಕಿಯ ಕಡೆ ನೋಡುತ್ತಿದ್ದಳು. “ಸ್ವಲ್ಪ ತಡೀಯೋ, ಪೇರಲಹಣ್ಣಿನಾಕಿ ಇನ್ನೂ ಬಂದಿಲ್ಲ,” ಎಂದಳು. ಅಪ್ಪ ತಡೆದ. ಆದರೆ ಆಮೇಲೆ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿ ಕಾಟನ್ನು ಮಡಚಿಯೇ ಇಟ್ಟ. ಮಂದಿ ಬಂದು ಹೋಗುವ ತನಕ ಅವಳು ಫರಸಿಯ ಮೇಲೆ. ದಿನಾ ಇದೇ. ನಾನು ಜಗಳಾಡಿದೆ, ಉಣ್ಣದೆ ಕೂತೆ, ಅಪ್ಪನ ಸಂಗಡ ಮಾತು ಬಿಟ್ಟೆ. “ಬಿಡವಾ,” ಎಂದವಳು ಅತ್ಯಾನೇ. “ಅವಗ ಮಂದ್ಯಾಗ ಓಡಾಡಬೇಕು.” ಬೋಲ್ಟು ಗಟ್ಟಿಯಾಗಿತ್ತು, ಬುಶ್ ಗಟ್ಟಿಯಾಗಿತ್ತು, ಮಡಚಿದಷ್ಟು ಸಲ ಕಾಟು ಸರಿಯಾಗಿ ನಿಂತಿತು. ಅತ್ಯಾನ ಎದೆಗೆ ಮಾತ್ರ ಅಂಥ ರಿಪೇರಿ ಆಗಲಿಲ್ಲ. ಥಂಡಿ ಆಗಲೇ ಒಳಗೆ ಹೊಕ್ಕು ಕೂತಿತ್ತು.

ಮಳೆ ಹಿಂದೆ ಸರಿಯುವ ದಿನಗಳಲ್ಲಿ, ಒಂದು ಮುಂಜಾನೆ, ಅವಳಿಗೆ ಉಸಿರು ಎಳೆಯಲಾಗಲಿಲ್ಲ. ಕಣ್ಣು ಕಿಟಕಿಯ ಕಡೆಗೇ ಇತ್ತು. ಕೊನೆಯುಸಿರು ಮಂಚದ ಮೇಲೆ ಹೋಗಬಾರದು ಎಂದು ಪುರೋಹಿತರು ಗಡಬಡಿಸಿದರು. ನೆಲಕ್ಕೆ ದರ್ಭೆ ಹಾಸಿ, ಮಂದಿ ಸೇರಿ ಅವಳನ್ನು ಎತ್ತಿ ಇಳಿಸಿದರು. ಅಷ್ಟು ಮಂದಿ ಹಿಡಿದು ಎಳೆದಾಡಿದರೂ ಕಾಟು ಒಂದು ಗೇಣು ಸರಿಯಲಿಲ್ಲ. ಅತ್ಯಾ ಫರಸಿಯ ಮೇಲೆ ಹೋದಳು. ಮುಖ ಗೋಡೆಯ ಕಡೆ.

ಎಲ್ಲ ಮುಗಿಸಿ ಗಂಡಸರು ಮರಳಿ ಬಂದ ಮೇಲೆ ಮನೆ ತೊಳೆಯುವ ಕೆಲಸ. ಪಡಸಾಲೆಯಲ್ಲಿ ಓಣಿಯವರು, ಬಳಗದವರು ತುಂಬಿದ್ದರು. ಕಾಟು ಕೋಣೆಯಲ್ಲಿ ಬಿಚ್ಚಿದ್ದು ಬಿಚ್ಚಿದ ಹಾಗೇ ನಿಂತಿತ್ತು, ಗಡಿಬಿಡಿಯಲ್ಲಿ ಯಾರೂ ಮಡಚಿರಲಿಲ್ಲ. ಬಳಗದ ಹಿರಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, “ಈ ಹೊರಸು ಯಾರದು? ಪಾವಣ್ಯಾರದೇನು?” ಎಂದಳು. ಆಮೇಲೆ ನನಗೆ, “ಏ ಹುಡಿಗಿ, ನಾಕು ಕೊಡ ನೀರ ಸುರಿ ಇದಕ್ಕ, ಸೂತಕದ ಮನಿ,” ಎಂದಳು.

ನಾನು ಕೊಡ ಎತ್ತಿದ್ದೆ. ಮನಸ್ಸು ಸತ್ತು ಹೋಗಿತ್ತು, ಯಾರು ಏನು ಹೇಳಿದರೂ ಮಾಡುವ ಸ್ಥಿತಿಯಲ್ಲಿದ್ದೆ. ಅಪ್ಪ ಮಂದಿಯ ನಡುವಿನಿಂದ ಎದ್ದು ಬಂದ. ನನ್ನ ಕೈಯಿಂದ ಕೊಡ ತೆಗೆದು ಕೆಳಗಿಟ್ಟ. ಒದ್ದೆ ಧೋತರ, ಬೋಳಿಸಿದ ಮೀಸೆ, ಅವನು ಯಾರೋ ಬೇರೆಯವನ ಹಾಗೆ ಕಂಡ.

“ನಮ್ಮ ಅಕ್ಕಂದ್ರಿ,” ಎಂದ. “ಅಕ್ಕ ಇದರ ಮ್ಯಾಲೆ ಮಲಗತಿದ್ಲು. ದಿನಾ ಮಲಗತಿದ್ಲು. ನೀರ ಹಾಕಬ್ಯಾಡ್ರಿ, ಕೆಡ್ತದ.”

ಪಡಸಾಲೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅಷ್ಟೇ ಇತ್ತು ನೋಡಿ ಆ ಮಂದಿಯ ಬಾಯಿ. ಅಪ್ಪ ಕಾಟಿನ ಅಂಚಿಗೆ ಕೂತು, ಎರಡೂ ಕೈಯಿಂದ ಪೈಪು ಹಿಡಿದುಕೊಂಡು ಗಳಗಳನೆ ಅತ್ತ. ನಾನು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಖಾಲಿ ಕಿಟಕಿ. ಹೊರಗೆ ಹಣ್ಣು ಮಾರಿ ಮರಳುತ್ತಿದ್ದ ಪೇರಲಹಣ್ಣಿನವಳು ಬುಟ್ಟಿ ಇಳಿಸಿ, ದಿನಾ ತನ್ನನ್ನು ನೋಡುತ್ತಿದ್ದ ಮುದುಕಿ ಎಲ್ಲಿ ಎಂದು ಇಣುಕುತ್ತಿದ್ದಳು.